ಒಂದು ನಿಮಿಷದಾಗ ಹಾಳಿ ಮ್ಯಾಲ ಏನು ಬರ್ಕೊಬೇಕು?

ಸಿಂಧನೂರಿನಿಂದ ಪ್ರಶ್ನೆ: ಸರ್, ಐಇಎಲ್‌ಟಿಎಸ್ ಇಂಗ್ಲಿಷ್ ಪರೀಕ್ಷೆಯ ಸ್ಪೀಕಿಂಗ್ ಎರಡನೇ ಭಾಗದಾಗ ವಿಷಯದ ಕಾರ್ಡ್ ಕೊಟ್ಟು ತಯಾರಿಗೆ ಒಂದು ನಿಮಿಷ ಬಿಡ್ತಾರ. ನಾನು ಬರೀತಿರ್ತೀನಿ, ಟೈಮ್ ಮುಗೀತದ. ಆಮೇಲೆ ಒಂದರಿಂದ ಎರಡು ನಿಮಿಷ ಮಾತಾಡ್ಬೇಕು, ನನ್ನ ಮಾತು 50 ಸೆಕೆಂಡಿಗೇ ನಿಂತುಬಿಡ್ತದ. ಏನು ಮಾಡ್ಲಿ?

ಬಳ್ಳಾರಿಯ ತರಬೇತುದಾರರು: ನೀವು ಪೂರಾ ವಾಕ್ಯ ಬರೀತೀರಿ ಅನಿಸ್ತದ. ಎಂಟು-ಹತ್ತು ಪದ ಸಾಕ್ರಿ. ಕಾರ್ಡಿನಾಗ ಎಲ್ಲಿ, ಯಾವಾಗ, ಏನು ಅಂತ ಕೇಳಿ, ಕೊನೀಗೆ ‘ಯಾಕ’ ಅಂತ ಕೇಳಿರ್ತಾರ. ಮೊದಲಿನವಕ್ಕ ಒಂದೊಂದು ಸಾಲಿನಾಗ ಉತ್ತರ ಮುಗೀತದ. ಮಾತು ಬೆಳೆಯೋದು ಆ ಕೊನೇ ಸಾಲಿನಾಗ. ಅದಕ್ಕ ಪೆನ್ಸಿಲ್ ಹಿಡಿದ ಕೂಡ್ಲೆ ಅದನ್ನೇ ಮೊದಲು ಬರ್ಕೊಳ್ರಿ.

‘ಕಷ್ಟಪಟ್ಟು ಮುಗಿಸಿದ ಒಂದು ಕೆಲಸ’ ಅಂತ ಕಾರ್ಡ್ ಬಂತು ಅನ್ನೋಣ. ಅಜ್ಜಿಯನ್ನ ಅಂಜನಾದ್ರಿ ಬೆಟ್ಟ ಹತ್ತಿಸಿದ್ದು ನಿಮ್ಮ ಅನುಭವ. ಹಾಳಿ ಮ್ಯಾಲ ಇಷ್ಟು: ‘ಹೆದರಿಕೆ, ಹಟ, 575 ಮೆಟ್ಟಿಲು, ಮೊಣಕಾಲು, ಅರ್ಧಕ್ಕ ಕೂತದ್ದು, ನೀರು ಖಾಲಿ, ಮ್ಯಾಲ ಗಾಳಿ’. ಆನೆಗುಂದಿ ಹತ್ರ, ಯಾವ ತಿಂಗಳು, ಯಾರ್ಯಾರು ಅನ್ನೋದನ್ನ 20 ಸೆಕೆಂಡಿನಾಗ ಹೇಳಿ, ನೇರ ಅಜ್ಜಿ ಅರ್ಧದಾಗ ಕೂತ ಜಾಗಕ್ಕ ಬರ್ರಿ. ಅಲ್ಲೇ ಒಂದು ನಿಮಿಷ ನಿಲ್ರಿ: ಆಕಿ ಏನಂದ್ಳು, ನೀವೇನಂದ್ರಿ, ವಾಪಸ್ ಇಳಿಸೋಣ ಅಂತ ಯಾಕ ಅನಿಸ್ತು. ಉಳಿದ 40 ಸೆಕೆಂಡು ‘ಯಾಕ ಕಷ್ಟ’ ಅನ್ನೋದಕ್ಕ. ಮೊಣಕಾಲಿಗಿಂತ ನಿಮ್ಮ ಹೆದರಿಕೆನೇ ದೊಡ್ಡದಿತ್ತು ಅಂತ ಹೇಳಾಕ ಇಲ್ಲೇ ಜಾಗ ಅದ.

ಬೆಳಿಗ್ಗೆ ಎದ್ದದ್ದು, ಬಸ್ ಹತ್ತಿದ್ದು, ನಾಷ್ಟಾ ಮಾಡಿದ್ದು ಅಂತ ಶುರು ಮಾಡಿದ್ರ ಬೆಟ್ಟದ ಬುಡಕ್ಕ ಬರೋದ್ರಾಗ ಉಸಿರು ಕಟ್ತದ. ‘ಆಮೇಲೆ, ಆಮೇಲೆ’ ಅಂತ ಮೂರು ಸಲ ಬಂತಂದ್ರ ದಾರಿ ತಪ್ಪೈತಿ ಅಂತ ತಿಳ್ಕೊಳ್ರಿ.

ಕೊಪ್ಪಳದಿಂದ: ಒಂದೇ ಕಥಿ ಬಾಯಿಪಾಠ ಮಾಡಿ ಎಲ್ಲಾ ಕಾರ್ಡಿಗೂ ಹೇಳಿದ್ರಾತು.

ತರಬೇತುದಾರರು: ಅರ್ಧ ಖರೇ. ಅಜ್ಜಿ ಬೆಟ್ಟ ಹತ್ತಿದ್ದು ‘ಮರೆಯಲಾಗದ ಪ್ರವಾಸ’ಕ್ಕೂ, ‘ನೀವು ಮೆಚ್ಚುವ ಹಿರಿಯರು’ ಅನ್ನೋದಕ್ಕೂ ಬರ್ತದ. ಆದ್ರ ಪ್ರವಾಸ ಅಂದ್ರ ದಾರಿ ಬೆಳೀಬೇಕು, ಹಿರಿಯರು ಅಂದ್ರ ಅಜ್ಜಿಯ ಹಟ. ಬಾಯಿಪಾಠ ಒಪ್ಪಿಸಿದ್ರ ದನಿ ಏರಿಳಿತ ಇಲ್ದ ಓಡ್ತದ, ಪರೀಕ್ಷಕರಿಗೆ ಗೊತ್ತಾಗ್ತದ.

ರಾಯಚೂರಿನಿಂದ: ನಮ್ಮ ಹುಡುಗ ಶಾಲೆ ಭಾಷಣಕ್ಕ ‘ವೇದಿಕೆ ಮ್ಯಾಲಿನ ಗಣ್ಯರೇ’ ಅಂತಾನ. ಹಂಗ ಶುರು ಮಾಡಬಹುದಾ?

ತರಬೇತುದಾರರು: ಅದು ಸಭಾ ಭಾಷಣ, ಅಕ್ಕಾರ. ಇಲ್ಲಿ ಎದುರಿಗೆ ಒಬ್ಬರೇ ಕೂತಿರ್ತಾರ. ಮೊದಲ ಮಾತಿಗೇ ವಿಷಯಕ್ಕ ಬರಬೇಕು.

ಸಿಂಧನೂರು: ಎರಡು ನಿಮಿಷಕ್ಕ ನಡುವೆ ತಡೆದ್ರ ಅಂಕ ಹೋಗ್ತಾವ?

ತರಬೇತುದಾರರು: ಇಲ್ಲ. ಟೈಮ್ ಆತು ಅಂತ ನಿಲ್ಲಿಸ್ತಾರ ಅಷ್ಟೇ. ಆಮೇಲೆ ಒಂದೆರಡು ಸಣ್ಣ ಪ್ರಶ್ನೆ ಕೇಳಬಹುದು. 50 ಸೆಕೆಂಡಿಗೆ ನಿಲ್ಲೋದೇ ತೊಂದ್ರಿ.

ಕೊಪ್ಪಳ: ಪದಗಳನ್ನ ಕನ್ನಡದಾಗ ಬರ್ಕೊಬಹುದಾ?

ತರಬೇತುದಾರರು: ಆ ಹಾಳಿಗೆ ಅಂಕ ಇಲ್ಲ, ಬರ್ಕೊಬಹುದು. ಕೆಲವರಿಗೆ ಕನ್ನಡ ಪದ ಕಂಡ ಕೂಡ್ಲೆ ಇಡೀ ದೃಶ್ಯ ಕಣ್ಮುಂದ ಬರ್ತದ. ಕೆಲವರು ಅದಕ್ಕ ಇಂಗ್ಲಿಷ್ ಹುಡುಕ್ತಾ ತಡವರಿಸ್ತಾರ. ಎರಡೂ ಥರ ಒಂದೊಂದು ಸಲ ಫೋನಿನಾಗ ರೆಕಾರ್ಡ್ ಮಾಡಿ ಕೇಳ್ರಿ, ಯಾವುದರಾಗ ಮೌನ ಕಡಿಮಿ ಇರ್ತದೋ ಅದನ್ನ ಇಟ್ಕೊಳ್ರಿ.