ಪದ ಬೇಕು: ಟೆನಿಸ್ ಚೆಂಡಿನ ಎರಡು ಬುಟ್ಟಿಗಳ ಫಲಕಕ್ಕೆ

ಸುಮಾ: ಎಲ್ಲರಿಗೂ ನಮಸ್ಕಾರ. ಮೈಸೂರಿನಲ್ಲಿ ನಾವು ಆಡುವ ಕೋರ್ಟಿನ ಪಕ್ಕ ಎರಡು ಬುಟ್ಟಿ ಇಟ್ಟಿದ್ದೇವೆ. ಒಂದರಲ್ಲಿ ಪ್ರೆಷರೈಸ್ಡ್ ಚೆಂಡು, ಇನ್ನೊಂದರಲ್ಲಿ ಪ್ರೆಷರ್‌ಲೆಸ್. ನಾಳೆ ಬೆಳಗ್ಗೆ ಫಲಕ ಬರೆಯುವವರು ಬರುತ್ತಾರೆ. ‘ಒತ್ತಡಸಹಿತ’, ‘ಒತ್ತಡರಹಿತ’ ಎಂದು ಬರೆದಿಟ್ಟಿದ್ದೆ. ಅದನ್ನು ಓದಿದ ಹುಡುಗಿಯೊಬ್ಬಳು, ‘ಟೆನ್ಶನ್ ಇಲ್ದೆ ಆಡೋ ಚೆಂಡಾ ಆಂಟಿ?’ ಅಂದಳು. ಬೇರೆ ಪದ ಇದ್ದರೆ ಇವತ್ತೇ ಹೇಳಿ.

ನರಹರಿ: ‘ಒತ್ತಡರಹಿತ’ ಅರಿಸಮಾಸ. ಬೇಡ. ‘ಗಾಳಿಚೆಂಡು’, ‘ಗಟ್ಟಿಚೆಂಡು’ ಎಂದು ಬರೆಸಿ. ಎರಡನೆಯದರಲ್ಲಿ ಗಾಳಿಯೇ ಇರುವುದಿಲ್ಲ.

ರಫೀಕ್: ನಮ್ಮ ಶಿವಮೊಗ್ಗದಲ್ಲಿ ಟೆನಿಸ್ ಬಾಲ್ ಕ್ರಿಕೆಟ್‌ಗೆ ಹೆವಿ ಬಾಲ್, ಲೈಟ್ ಬಾಲ್ ಅಂತೀವಿ. ಅದನ್ನೇ ಹಾಕಿ.

ಪ್ರಕಾಶ್: ರಫೀಕ್, ಅದು ತೂಕದ ಮಾತು. ಟೆನಿಸ್ ನಿಯಮದಲ್ಲಿ ಎರಡಕ್ಕೂ ತೂಕ ಒಂದೇ, 56ರಿಂದ 59.4 ಗ್ರಾಂ. ನರಹರಿಯವರೇ, ನಾನು ಎರಡನ್ನೂ ಕುಯ್ದು ನೋಡಿದ್ದೇನೆ. ಎರಡೂ ಟೊಳ್ಳೇ. ಒಂದರೊಳಗೆ ಗಾಳಿ ಬಿಗಿಯಾಗಿ ತುಂಬಿರುತ್ತದೆ, ಪುಟಿಯಲು ಅದರ ಬಲವೂ ಬೇಕು. ಇನ್ನೊಂದರೊಳಗಿನ ಗಾಳಿ ಹೊರಗಿನ ಗಾಳಿಯಷ್ಟೇ. ಅದನ್ನು ಪುಟಿಸುವುದು ರಬ್ಬರಿನ ದಪ್ಪ ಸಿಪ್ಪೆ.

ಅವು ಸೊರಗುವ ರೀತಿಯೂ ಬೇರೆ. ಡಬ್ಬ ತೆರೆದಾಗ ‘ಬುಸ್’ ಅನ್ನುತ್ತದಲ್ವಾ? ಚೆಂಡಿನ ಗಾಳಿ ಸೋರದಿರಲಿ ಎಂದು ಡಬ್ಬದಲ್ಲೂ ಗಾಳಿ ಬಿಗಿದಿರುತ್ತಾರೆ. ತೆರೆದ ಮೇಲೆ ತೂತು ಇಲ್ಲದಿದ್ದರೂ ರಬ್ಬರಿನ ಮೂಲಕವೇ ಗಾಳಿ ಸೋರುತ್ತದೆ. ಆಡದೆ ಸುಮ್ನೆ ಬ್ಯಾಗಿನಲ್ಲಿಟ್ಟರೂ ಕೆಲವೇ ವಾರಗಳಲ್ಲಿ ಸಪ್ಪೆ. ದಪ್ಪ ಸಿಪ್ಪೆಯದಕ್ಕೆ ಈ ಕಾಟವಿಲ್ಲ. ಅದರ ಮೇಲಿನ ಉಣ್ಣೆ ಸವೆಯುತ್ತದೆ, ಬೋಳಾಗಿ ಹಗುರಾಗುತ್ತದೆ, ಆದರೂ ಪುಟಿಯುತ್ತಲೇ ಇರುತ್ತದೆ. ಬುಟ್ಟಿಗಟ್ಟಲೆ ಹೊಡೆದು ಕಲಿಯುವವರಿಗೆ ಅದೇ ಸರಿ. ಹೊಸದರಲ್ಲಿ ಮಾತ್ರ ಗಟ್ಟಿ, ಕೈಗೆ ಏಟು ಜಾಸ್ತಿ. ಪಂದ್ಯಕ್ಕೆ ಡಬ್ಬದ್ದೇ ಚೆನ್ನ.

ಪರೀಕ್ಷೆ ಸುಲಭ. 254 ಸೆಂ.ಮೀ. ಎತ್ತರದಿಂದ ಕಾಂಕ್ರೀಟಿನ ಮೇಲೆ ಬಿಟ್ಟರೆ ಪಂದ್ಯದ ಮಾಮೂಲಿ ಚೆಂಡು 135ರಿಂದ 147 ಸೆಂ.ಮೀ. ಮೇಲೇಳಬೇಕು.

ವನಜಾ: ನನ್ನ ಮೊಣಕೈ ನೋವು ಶುರುವಾಗಿದ್ದೇ ದಪ್ಪ ಸಿಪ್ಪೆಯ ಹೊಸ ಚೆಂಡುಗಳಿಂದ. ಫಲಕದಲ್ಲಿ ಅದನ್ನೂ ಬರೆಸಿ.

ನರಹರಿ: ಗಾಳಿಯ ವಿಷಯದಲ್ಲಿ ನನ್ನದು ತಪ್ಪು. ಸಮಾಸದ ವಿಷಯದಲ್ಲಿ ಅಲ್ಲ. ‘ಪುಟಿ’ ಎಂಬ ಒಳ್ಳೆಯ ಕ್ರಿಯಾಪದವನ್ನು ಪ್ರಕಾಶ್ ಬಳಸಿದ್ದಾರೆ, ಸಂತೋಷ. ಕೋರ್ಟಿನಲ್ಲಿ ‘ಬೌನ್ಸ್’ ಅನ್ನುವುದನ್ನೂ ಬಿಡಿ.

ರಫೀಕ್: ‘ಬೌನ್ಸ್ ಹೋಗಿದೆ’ ಅಂದ್ರೆ ಎಲ್ಲರಿಗೂ ಗೊತ್ತಾಗುತ್ತೆ ಸಾರ್. ‘ಚೆಂಡು’ ಹಳೇದು ಅಂತ ‘ಬಾಲ್’ ಬೇಡವಾ?

ನರಹರಿ: ಬೇಡ.

ಸುಮಾ: ‘ಬಿಗಿಗಾಳಿ ಚೆಂಡು: ಪಂದ್ಯಕ್ಕೆ’, ‘ದಪ್ಪಸಿಪ್ಪೆ ಚೆಂಡು: ಅಭ್ಯಾಸಕ್ಕೆ’ ಎಂದು ಬರೆಸುತ್ತಿದ್ದೇನೆ. ವನಜಕ್ಕ, ಮೊಣಕೈ ಮಾತಿಗೆ ಫಲಕದಲ್ಲಿ ಜಾಗವಿಲ್ಲ, ಮಕ್ಕಳಿಗೆ ಬಾಯಲ್ಲೇ ಹೇಳುತ್ತೇನೆ.

ನರಹರಿ: ‘ಸಿಪ್ಪೆ’ ಹಣ್ಣಿಗೆ. ‘ತೊಗಲು’ ಅನ್ನಿ.