ಪದಚರ್ಚೆ: ರೆಕ್ಕೆಯ ಸ್ಟಾಲ್, ಕಂಪ್ರೆಸರಿನ ಸ್ಟಾಲ್ – ‘ಸ್ಥಗಿತ’ ಎನ್ನಬಹುದೇ?

ಎಲ್ಲರಿಗೂ ನಮಸ್ಕಾರ. ಎಂ.ಟೆಕ್‌ಗೆ ಏರೋಡೈನಮಿಕ್ಸ್ ತೆಗೆದುಕೊಳ್ಳಲೋ ಪ್ರೊಪಲ್ಷನ್ ತೆಗೆದುಕೊಳ್ಳಲೋ ಎಂದು ಕೇಳಿದ ವಿದ್ಯಾರ್ಥಿಗೆ ಪ್ರಾಧ್ಯಾಪಕರೊಬ್ಬರು ಬರೆದ ಪತ್ರವನ್ನು ಕಾಲೇಜು ಪತ್ರಿಕೆಗಾಗಿ ಕನ್ನಡಕ್ಕೆ ತರುತ್ತಿದ್ದೇನೆ. ನಾನು ಸಿಕ್ಕಿಕೊಂಡಿರುವುದು ಇಲ್ಲಿ:

“ರೆಕ್ಕೆಯ ಸ್ಟಾಲ್ ಮೇಲೆ ಪ್ರಾಜೆಕ್ಟ್ ಮಾಡಿದ್ದೀಯ ಎಂದು ಪ್ರೊಪಲ್ಷನ್ ನಿನಗೆ ದೂರವೇನಲ್ಲ. ಕಂಪ್ರೆಸರಿನ ಬ್ಲೇಡೂ ಸ್ಟಾಲ್ ಆಗುತ್ತದೆ. ಹರಿವು ಯಾಕೆ ಕೆಟ್ಟಿತು ಎಂಬಲ್ಲಿಗೇ ನಿನ್ನ ಕುತೂಹಲ ತಣಿಯುವುದಾದರೆ ಏರೋಡೈನಮಿಕ್ಸ್ ಹಿಡಿ. ಅದು ಕೆಟ್ಟ ಮೇಲೆ ಹಿಂದಿರುವ ಕಂಬಸ್ಟರ್, ಟರ್ಬೈನ್‌ಗಳ ಗತಿ ಏನು ಎಂದು ಕೇಳುವವನಾದರೆ ಪ್ರೊಪಲ್ಷನ್.”

‘ಸ್ಟಾಲ್’ಗೆ ‘ಸ್ಥಗಿತ’ ಎಂದು ಹಾಕಿದ್ದೇನೆ. ವಿಮಾನದ ರೆಕ್ಕೆಗೂ, ಜೆಟ್ ಎಂಜಿನ್ನಿನಲ್ಲಿ ಗಾಳಿಯನ್ನು ಒತ್ತುವ ಕಂಪ್ರೆಸರಿಗೂ, ಎರಡೂ ಕಡೆ ನಡೆಯುತ್ತದೆಯೇ?

ಉತ್ತರ 1
ಧಾರಾಳವಾಗಿ ನಡೆಯುತ್ತದೆ ಮೇಡಂ. ವೇಗ ಕಡಿಮೆಯಾದರೆ ರೆಕ್ಕೆ ಎತ್ತುವುದನ್ನು ನಿಲ್ಲಿಸುತ್ತದೆ, ಬೈಕು ಗೇರಿನಲ್ಲೇ ಆಫ್ ಆದ ಹಾಗೆ. ಎಂಜಿನ್ನಿನಲ್ಲೂ ಅಷ್ಟೇ, ನಿಂತುಹೋಗುತ್ತದೆ.

ಉತ್ತರ 2
ಕಂಪ್ರೆಸರ್ ಪರೀಕ್ಷೆಯ ಕೆಲಸದಲ್ಲಿರುವುದರಿಂದ ಬರೆಯುತ್ತಿದ್ದೇನೆ. ವೇಗ ಇಳಿದಾಗ ಸ್ಟಾಲ್ ಹತ್ತಿರವಾಗುವುದು ನಿಜ. ಆದರೆ ಅದನ್ನು ತೀರ್ಮಾನಿಸುವುದು ರೆಕ್ಕೆಗೆ ಗಾಳಿ ತಾಗುವ ಕೋನ. ಸಾಮಾನ್ಯ ರೆಕ್ಕೆಯಲ್ಲಿ ಅದು ಸುಮಾರು 15 ಡಿಗ್ರಿ ದಾಟಿದರೆ ಮೇಲ್ಮೈಯ ಹರಿವು ಕಿತ್ತುಕೊಳ್ಳುತ್ತದೆ, ವೇಗ ಎಷ್ಟೇ ಇರಲಿ. ಆಗಲೂ ಎತ್ತುವ ಬಲ ಪೂರ್ತಿ ಹೋಗುವುದಿಲ್ಲ, ಕುಸಿಯುತ್ತದೆ. ಹಾಗಾಗಿ ‘ಸ್ಥಗಿತ’ ಎಂದರೆ ಓದುಗರು ದಾರಿ ತಪ್ಪುತ್ತಾರೆ.

ಕಂಪ್ರೆಸರಿನಲ್ಲಿ ಕೋನ ಹೇಗೆ ಬದಲಾಗುತ್ತದೆ ನೋಡಿ. ಬ್ಲೇಡ್ ಸೆಕೆಂಡಿಗೆ 300 ಮೀಟರ್ ವೇಗದಲ್ಲಿ ಸುತ್ತುತ್ತಿದೆ, ಗಾಳಿ 150 ಮೀಟರ್ ವೇಗದಲ್ಲಿ ನೇರ ಒಳಬರುತ್ತಿದೆ ಎನ್ನಿ. ಬ್ಲೇಡಿನ ಮೇಲೆ ಕೂತು ನೋಡಿದರೆ ಆ ಗಾಳಿ ಎಂಜಿನ್ ಅಕ್ಷಕ್ಕೆ 63.4 ಡಿಗ್ರಿ ಓರೆಯಾಗಿ ಬರುತ್ತದೆ. ಹೊರದಾರಿ ಬಿಗಿದು ಒಳಬರುವ ವೇಗ 120ಕ್ಕೆ ಇಳಿಯಿತು, ಸುತ್ತುವ ವೇಗ ಹಾಗೇ ಇದೆ. ಓರೆ 68.2 ಡಿಗ್ರಿ ಆಗುತ್ತದೆ. ಸುಮಾರು 5 ಡಿಗ್ರಿ ಹೆಚ್ಚಿತು. ವಿನ್ಯಾಸದಲ್ಲಿ ಅಷ್ಟು ಅವಕಾಶ ಉಳಿದಿರದಿದ್ದರೆ ಬ್ಲೇಡ್ ಸ್ಟಾಲ್ ಆಯಿತು.

ಸಾಮಾನ್ಯವಾಗಿ ಎಲ್ಲ ಬ್ಲೇಡುಗಳೂ ಒಟ್ಟಿಗೆ ಕೆಡುವುದಿಲ್ಲ. ಒಂದೆಡೆ ದಾರಿ ಕಟ್ಟಿಕೊಂಡರೆ ಗಾಳಿ ಅಕ್ಕಪಕ್ಕಕ್ಕೆ ಸರಿದು, ಒಂದು ಬದಿಯ ಬ್ಲೇಡಿನ ಕೋನ ಹೆಚ್ಚಿಸಿ ಇನ್ನೊಂದು ಬದಿಯದನ್ನು ತಗ್ಗಿಸುತ್ತದೆ. ಹೀಗೆ ಹರಿವು ಕೆಟ್ಟಿರುವ ತೇಪೆ ರೋಟರಿಗಿಂತ ನಿಧಾನವಾಗಿ, ಹಲವು ಸಲ ಅದರ ಅರ್ಧದಷ್ಟು ವೇಗದಲ್ಲಿ ಸುತ್ತುತ್ತಿರುತ್ತದೆ. ಎಂಜಿನ್ ತಕ್ಷಣ ನಿಲ್ಲುವುದಿಲ್ಲ. ಕಂಬಸ್ಟರಿನ ಬೆಂಕಿಗೆ ಇಂಧನ ಬೀಳುತ್ತಲೇ ಇರುತ್ತದೆ, ಗಾಳಿ ಸಾಲುವುದಿಲ್ಲ. ಆರ್‌ಪಿಎಂ ಇಳಿಯುತ್ತಿದ್ದರೂ ಟರ್ಬೈನ್ ತಾಪಮಾನ ಏರುತ್ತದೆ. ಮೀಟರಿನಲ್ಲಿ ಇವೆರಡೂ ಒಟ್ಟಿಗೆ ಕಂಡರೆ ಇಂಧನ ಕಡಿದು ಎಂಜಿನ್ ಆರಿಸಬೇಕಾಗಿ ಬರಬಹುದು. ಪ್ರಾಧ್ಯಾಪಕರು ‘ಹಿಂದಿರುವ ಕಂಬಸ್ಟರ್, ಟರ್ಬೈನ್‌ಗಳ ಗತಿ’ ಎಂದಿರುವುದು ಇದನ್ನೇ.

ಉತ್ತರ 3
ನನ್ನ ಮಗಳೂ ಗೇಟ್ ಬರೆಯುತ್ತಿದ್ದಾಳೆ. ಕಂಪ್ಯೂಟರಿನಲ್ಲೇ ಹರಿವು ಲೆಕ್ಕ ಹಾಕುವುದು ಅವಳಿಗಿಷ್ಟ. ಹಾಗಾದರೆ ಏರೋಡೈನಮಿಕ್ಸೇ ಸರಿ ಅಲ್ಲವೇ? ಪ್ರೊಪಲ್ಷನ್ ಅಂದರೆ ಬರೀ ವರ್ಕ್‌ಶಾಪ್ ಕೆಲಸ ಅಂತಾರೆ.

ಉತ್ತರ 2, ಮತ್ತೆ
ಇಲ್ಲ ಅಮ್ಮ, ಕಂಪ್ಯೂಟರಿನಲ್ಲಿ ಹರಿವು ಲೆಕ್ಕ ಹಾಕುವ ಸಿಎಫ್‌ಡಿ ಎರಡರಲ್ಲೂ ಇದೆ. ಐಐಟಿ ಬಾಂಬೆಯಂಥ ಕಡೆ ಏರೋಡೈನಮಿಕ್ಸ್, ಪ್ರೊಪಲ್ಷನ್ ಬೇರೆ ಬೇರೆ ಸ್ಪೆಷಲೈಸೇಷನ್. ಸೇರುವ ಮೊದಲು ಗೈಡ್ ಹತ್ತಿರ ಒಂದು ಪ್ರಶ್ನೆ ಕೇಳಲಿ: ಲೆಕ್ಕವನ್ನು ಹೋಲಿಸಿ ನೋಡಲು ನಿಮ್ಮಲ್ಲಿ ಕಂಪ್ರೆಸರ್ ಪರೀಕ್ಷೆಯ ರಿಗ್ ಅಥವಾ ವಿಂಡ್ ಟನಲ್ ಇದೆಯೇ? ಕಾರಣ ಇದು. ಒಂದೇ ಬ್ಲೇಡಿನ ದಾರಿ ತೆಗೆದುಕೊಂಡು, ಹೊರದಾರಿಯ ಒತ್ತಡವನ್ನು ಸ್ವಲ್ಪ ಸ್ವಲ್ಪವೇ ಏರಿಸುತ್ತಾ ಹೋಗಿ, ಲೆಕ್ಕ ಕೂಡಿಬರದೆ ಒಡೆದ ಬಿಂದುವೇ ಸ್ಟಾಲ್ ಎಂದು ಥೀಸಿಸ್‌ನಲ್ಲಿ ಬರೆಯುವವರಿದ್ದಾರೆ. ಹರಿವಿಗೆ ಎದುರಾಗಿ ಒತ್ತಡವನ್ನು ಗುರುತಿಸಿದ ಗೆರೆ ಸ್ಟಾಲ್ ಹತ್ತಿರ ಚಪ್ಪಟೆಯಾಗುತ್ತದೆ. ಒತ್ತಡ ಚೂರೇ ಹೆಚ್ಚಿಸಿದರೂ ಹರಿವು ಎಲ್ಲಿಗೋ ಜಾರುತ್ತದೆ. ಅಲ್ಲಿ ಸೋತಿದ್ದು ಲೆಕ್ಕ, ಕಂಪ್ರೆಸರ್ ಅಲ್ಲ. ಹೊರದಾರಿಯಲ್ಲಿ ಒತ್ತಡದ ಬದಲು ಹರಿವಿನ ಪ್ರಮಾಣವನ್ನು ಕೊಟ್ಟರೆ ಇನ್ನೂ ಮುಂದೆ ಹೋಗಬಹುದು. ಆದರೂ ಸುತ್ತುವ ತೇಪೆ ಹಲವು ಬ್ಲೇಡುಗಳಷ್ಟು ಅಗಲ ಇರಬಹುದು, ಒಂದೇ ಬ್ಲೇಡಿನ ಲೆಕ್ಕದಲ್ಲಿ ಅದಕ್ಕೆ ಜಾಗವೇ ಇಲ್ಲ. ಪೂರ್ತಿ ಸುತ್ತನ್ನು, ಕಾಲದೊಂದಿಗೆ ಬದಲಾಗುವಂತೆ ಲೆಕ್ಕ ಹಾಕಬೇಕು. ಅದಕ್ಕೆ ಬೇಕಾಗುವ ಕ್ಲಸ್ಟರ್ ಸಮಯ ಎಂ.ಟೆಕ್ ವಿದ್ಯಾರ್ಥಿಗೆ ಸಿಗುತ್ತದೆಯೇ ಎಂದೂ ಕೇಳಲಿ.

ಮೂಲ ಪ್ರಶ್ನೆ ಕೇಳಿದವರು
‘ಸ್ಥಗಿತ’ ತೆಗೆದೆ. ‘ಹರಿವು ಕಿತ್ತುಕೊಳ್ಳುವುದು’ ಎಂದೇ ಹಾಕಲೇ?

ಉತ್ತರ 4
ಅದೂ ಪೂರ್ತಿ ಕೂಡುವುದಿಲ್ಲ. ಹರಿವು ಒಂದೆಡೆ ಕಿತ್ತುಕೊಂಡು ಮುಂದೆ ಮತ್ತೆ ಅಂಟಿಕೊಳ್ಳುವುದುಂಟು, ಅದು ಸ್ಟಾಲ್ ಅಲ್ಲ. ಕಿತ್ತುಕೊಳ್ಳುವುದು ಕಾರಣ, ಸ್ಟಾಲ್ ಫಲ. ‘ಸ್ಟಾಲ್’ ಎಂದೇ ಉಳಿಸಿ ಎಂಬುದು ನನ್ನ ಮತ. ಕಂಪ್ರೆಸರಿನ ಇನ್ನೊಂದು ತೊಂದರೆಯಾದ ‘ಸರ್ಜ್’ ಮುಂದೆ ಬಂದರೆ ಅದಕ್ಕೆ ಮಾತ್ರ ‘ಉಬ್ಬರ’ ಬೇಡ. ಅದರಲ್ಲಿ ಇಡೀ ಎಂಜಿನ್ನಿನ ಗಾಳಿ ಸೆಕೆಂಡಿಗೆ ಹಲವು ಸಲ ಹಿಂದುಮುಂದಾಗಿ, ಮುಂಬದಿಯಿಂದಲೇ ಬೆಂಕಿ ಹೊರಬರಬಹುದು.

ಉತ್ತರ 1, ಮತ್ತೆ
ಬೈಕಿನ ಹೋಲಿಕೆ ಬಿಟ್ಟೆ. ಆದರೆ ಪಿಯುಸಿ ಓದುಗರಿಗೆ ಬರೀ ‘ಸ್ಟಾಲ್’ ಅಂದರೆ ಸಂತೆ ಅಂಗಡಿಯೇ ನೆನಪಾಗುತ್ತದೆ. ‘ಎತ್ತುಬಲದ ಕುಸಿತ’ ಆಗದೇ?

ಉತ್ತರ 2
ರೆಕ್ಕೆಗೆ ಆಗುತ್ತದೆ. ಕಂಪ್ರೆಸರಿನಲ್ಲಿ ಕುಸಿಯುವುದು ಒತ್ತಡದ ಏರಿಕೆ. ಅಲ್ಲಿಗೆ ಬೇರೆ ಮಾತು ಹುಡುಕಬೇಕು.