ಕಂಪನಿ ಹೆಸರಿಗೆ ಬದಲಿ ಹೆಸರು: ಅನುಭವ ಇದ್ದವರು ಹೇಳಿ

ಬದಿಯಡ್ಕದಿಂದ ಕೇಳಿದ್ದು: ನಮ್ಮದು ಹಾಳೆ ತಟ್ಟೆಯ ಸಣ್ಣ ಯೂನಿಟ್. ತಮ್ಮನೂ ನಾನೂ ಸೇರಿ ಪ್ರೈವೇಟ್ ಲಿಮಿಟೆಡ್ ಮಾಡುವ ಅಂತಿದ್ದೇವೆ. ಮೊದಲ ಹೆಸರು ರಿಜೆಕ್ಟ್ ಆದರೆ ಬೇರೆ ಹೆಸರು ಕೈಯಲ್ಲಿರಬೇಕಂತೆ. ನೀವು ಎಷ್ಟು ಹೆಸರು, ಯಾವ ಕ್ರಮದಲ್ಲಿ ಇಟ್ಟುಕೊಂಡಿದ್ದಿರಿ?

ಪೆರ್ಲದವ: ನಮ್ಮದೂ ಹಾಳೆ ತಟ್ಟೆಯೇ. ನಾನು ಮಾಡಿದ ತಪ್ಪು ಪೂರ್ತಿ ಹೇಳುತ್ತೇನೆ. ಕಂಪನಿ ಮಾಡಲು ಹಾಕುವ ಸ್ಪೈಸ್ ಪ್ಲಸ್ ಫಾರ್ಮಿನಲ್ಲಿ ಪಾರ್ಟ್ ಎ ಹೆಸರಿಗೆ, ಪಾರ್ಟ್ ಬಿ ನೋಂದಣಿಗೆ. ಪಾರ್ಟ್ ಎ ಮಾತ್ರ ಮೊದಲು ಹಾಕಿದರೆ ಎರಡು ಹೆಸರು ಕೊಡಬಹುದು. ಪಾರ್ಟ್ ಬಿ ಜೊತೆಗೇ ಹಾಕಿದರೆ ಒಂದೇ ಹೆಸರು. ಹಾಗಾಗಿ ನಾನು ಪಾರ್ಟ್ ಎ ಮಾತ್ರ ಹಾಕಿದೆ. ಫೀಸು 1000 ರೂಪಾಯಿ. ಕೊಟ್ಟ ಹೆಸರುಗಳು ಇವು:

```
1. SOGE LEAFWARE PRIVATE LIMITED
2. SOGEY LEAF PRODUCTS PRIVATE LIMITED
```

ನನ್ನ ಮನಸ್ಸಿನಲ್ಲಿ ಇವು ಎರಡು ಹೆಸರು. ಅರ್ಜಿ ನೋಡುವವರಿಗೆ ಇದು ಒಂದೇ ಹೆಸರು. ಸ್ಪೆಲ್ಲಿಂಗ್ ಸ್ವಲ್ಪ ಬದಲಾಯಿಸಿದರೆ, ಬಹುವಚನ ಮಾಡಿದರೆ, ಪದಗಳನ್ನು ಹಿಂದೆ ಮುಂದೆ ಮಾಡಿದರೆ ಬೇರೆ ಹೆಸರು ಅಂತ ಲೆಕ್ಕವಿಲ್ಲ. ಅದೇ ಉಚ್ಚಾರಣೆಯ ಒಂದು ಕಂಪನಿ ಮೊದಲೇ ಇತ್ತು. ತಟ್ಟೆ, ಪಾತ್ರೆಗಳು ಬರುವ ಕ್ಲಾಸ್ 21ರಲ್ಲಿ ಅವರ ಟ್ರೇಡ್‌ಮಾರ್ಕ್ ಅರ್ಜಿಯೂ ಇತ್ತು. ರಿಜಿಸ್ಟರ್ ಆಗಿರಲಿಲ್ಲ, ಬರೀ ಅರ್ಜಿ. ಅದೂ ಸಾಕು, ಅವರ ಒಪ್ಪಿಗೆ ಪತ್ರ ಇಲ್ಲದೆ ಆಗುವುದಿಲ್ಲ. ಎರಡೂ ಹೆಸರು ಒಟ್ಟಿಗೇ ಬಿದ್ದವು.

ಸರಿಪಡಿಸಲು 15 ದಿನ ಸಿಕ್ಕಿತು. ಅದು ಚಿನ್ನದಂಥ ಅವಕಾಶ. ಬೇರೆ ಹೆಸರು ತಯಾರಿರಲಿಲ್ಲ. ಗಾಬರಿಯಲ್ಲಿ ಮುಂದೆ ಒಂದು KASARAGOD ಸೇರಿಸಿ ಕಳಿಸಿದೆ. ರಿಜೆಕ್ಟ್. 1000 ಹೋಯಿತು. ಅಷ್ಟರಲ್ಲಿ ಅದೇ ಹೆಸರಿನಲ್ಲಿ ರಟ್ಟಿನ ಪೆಟ್ಟಿಗೆ ಪ್ರಿಂಟ್ ಮಾಡಿಸಿ ಆಗಿತ್ತು, 11,400 ರೂಪಾಯಿ. ಸ್ಟಿಕ್ಕರಿಗೆ 2,700. ಆ ಪೆಟ್ಟಿಗೆಗಳು ಇನ್ನೂ ಅಟ್ಟದ ಮೇಲಿವೆ.

ಎರಡನೇ ಸಲ ನಾಲ್ಕು ಹೆಸರು ಬರೆದೆ. ನಾಲ್ಕಕ್ಕೂ ಬೇರು ಪದವೇ ಬೇರೆ. ಒಂದನೆಯದು MUTTALE LEAFWARE. ಎರಡನೆಯದು ನಮ್ಮ ಮನೆ ಹೆಸರಿನಿಂದ, ABBIMOOLE TABLEWARE. ಮೊದಲನೆಯದಕ್ಕೆ ಮತ್ತೆ ಟ್ರೇಡ್‌ಮಾರ್ಕ್ ಅಡ್ಡ ಬಂತು. ಎರಡನೆಯದು ಪಾಸಾಯಿತು, ಯಾಕೆಂದರೆ ಅದು ಮೊದಲನೆಯದರ ನೆಂಟ ಅಲ್ಲ. ಉಳಿದ ಎರಡು ಹೆಸರು ಆ 15 ದಿನಕ್ಕೆ ಬೇಕಾದರೆ ಅಂತ ಚೀಟಿಯಲ್ಲಿ ಇಟ್ಟುಕೊಂಡಿದ್ದೆ.

ಕಾಸರಗೋಡು ಪೇಟೆಯಿಂದ ಒಬ್ಬ ಹಿರಿಯರು: ಎರಡು ಹೆಸರು ಅಂತ ಯಾರು ಹೇಳಿದ್ದು? ನಾನು ಕಂಪನಿ ಮಾಡುವಾಗ ಆರು ಹೆಸರು ಬರೆದಿದ್ದೇನೆ. ಮೂರನೆಯದು ಸಿಕ್ಕಿತು, ಅದರಲ್ಲಿ ಊರಿನ ಹೆಸರು ಇತ್ತು. ಹೆಸರು ಸಿಕ್ಕಿದ ಮೇಲೆ ಕಂಪನಿ ನೋಂದಣಿಗೆ 60 ದಿನ ಟೈಮ್ ಇತ್ತು. ಊರಿನ ಹೆಸರು ಹಾಕಿ, ಪಾಸಾಗುತ್ತದೆ. ನನ್ನದು ಇವತ್ತಿಗೂ ನಡೆಯುತ್ತಿದೆ.

ಪೆರ್ಲದವ: ಮಾವ, ಅದು ಐಎನ್‌ಸಿ-1 ಫಾರ್ಮ್ ಇದ್ದ ಕಾಲ. 2018ರಲ್ಲೇ ಅದು ಹೋಯಿತು. ಈಗ ಎರಡೇ ಹೆಸರು. ಅವಧಿ 20 ದಿನ. ಊರಿನ ಹೆಸರು ಇಟ್ಟುಕೊಳ್ಳಬಾರದು ಅಂತಲ್ಲ. ಇದ್ದ ಹೆಸರಿಗೆ ಊರು ಅಂಟಿಸಿದರೆ ಅದು ಹೊಸ ಹೆಸರಾಗುವುದಿಲ್ಲ, ಅಷ್ಟೇ. ನಿಮ್ಮ ಮಾತು ನಂಬಿ ಇವರು 1000 ಕಳೆದುಕೊಳ್ಳಬಾರದಲ್ವಾ?

ಕಾಸರಗೋಡು ಪೇಟೆಯ ಹಿರಿಯರು: ನಾನು ಸುಳ್ಳು ಹೇಳಲಿಲ್ಲ. ನನಗೆ ಆದದ್ದು ಹೇಳಿದೆ. ನಿಮಗೆ ಆಗಲಿಲ್ಲ ಅಂತ ನನ್ನ ಮೇಲೆ ಯಾಕೆ ಸಿಟ್ಟು?

ಉಪ್ಪಳದಿಂದ: ಹೆಸರು ಸಿಕ್ಕಿದ ಮೇಲಿನದ್ದು ನಾನು ಹೇಳುತ್ತೇನೆ, ನನಗೆ ನೋವಾದದ್ದು ಅಲ್ಲಿ. ನಮ್ಮದು ತೆಂಗಿನೆಣ್ಣೆ. ಮೊದಲ ಹೆಸರೇ ಪಾಸ್. ಎಷ್ಟು ಖುಷಿ! ಆದರೆ ನಮ್ಮ ಮನೆಯವರು ಇನ್ನೊಬ್ಬ ಡೈರೆಕ್ಟರ್, ಇರುವುದು ದುಬೈಯಲ್ಲಿ. ಇವರ ಡಿಜಿಟಲ್ ಸಹಿ, ಅಲ್ಲಿ ಅಟೆಸ್ಟ್ ಆಗಬೇಕಾದ ಕಾಗದ ಯಾವುದೂ ತಯಾರಿಲ್ಲ. 20 ದಿನ ಹೇಗೆ ಹೋಯಿತು ಗೊತ್ತಾಗಲಿಲ್ಲ. 19ನೇ ದಿನ 1000 ಕಟ್ಟಿ 40 ದಿನಕ್ಕೆ ಎಳೆದೆವು. ಅದೂ ಸಾಲಲಿಲ್ಲ, 2000 ಕಟ್ಟಿ 60ಕ್ಕೆ. ಒಂದೇ ಸಲ ಮೊದಲ 20 ದಿನದೊಳಗೆ 3000 ಕಟ್ಟಿದರೂ 60 ದಿನ ಸಿಗುತ್ತದೆ. ದುಡ್ಡು ಒಂದೇ, ಓಡಾಟ ಕಡಿಮೆ. ಒಬ್ಬರು ಗಲ್ಫಿನಲ್ಲಿದ್ದರೆ ಹೆಸರು ಹಾಕುವ ಮೊದಲೇ ಕಾಗದ ಮುಗಿಸಿ.

ಮುಳ್ಳೇರಿಯಾದಿಂದ: ಇಷ್ಟೆಲ್ಲ ಯಾಕೆ? ನನ್ನದು ಅಡಿಕೆ ಸುಲಿಯುವ ಯೂನಿಟ್. ಉದ್ಯಮ್ ರಿಜಿಸ್ಟ್ರೇಷನ್ ಮಾಡಿದೆ, ಪಂಚಾಯತ್ ಲೈಸನ್ಸ್ ತೆಗೆದೆ. ಹೆಸರು ಯಾರೂ ಕೇಳಲಿಲ್ಲ, ರಿಜೆಕ್ಟೂ ಮಾಡಲಿಲ್ಲ. ಒಂದು ಪೈಸೆ ಜಾಸ್ತಿ ಆಗಲಿಲ್ಲ.

ಉಪ್ಪಳದಿಂದ: ಅಣ್ಣಾ, ಅವರು ಕೇಳಿದ್ದು ಕಂಪನಿ. ನಿಮ್ಮದು ಒಬ್ಬರದೇ ವ್ಯಾಪಾರ. ನಾಳೆ ನಿಮ್ಮ ಹೆಸರಿನಲ್ಲೇ ಬೇರೆ ಯಾರೋ ಕಂಪನಿ ಮಾಡಿದರೆ ತಡೆಯುವುದು ಹೇಗೆ?

ಮುಳ್ಳೇರಿಯಾದಿಂದ: ಹದಿನಾಲ್ಕು ವರ್ಷದಿಂದ ನಡೆಸುತ್ತಿದ್ದೇನೆ. ಯಾರೂ ಬರಲಿಲ್ಲ.

ಕುಂಬಳೆಯಿಂದ: ನನ್ನ ಕಥೆ ಯಾರಿಗೂ ಬಾರದಿರಲಿ. ನಮ್ಮ ದೊಡ್ಡಪ್ಪನದು ಗೋಡಂಬಿ ಕಂಪನಿ ಇತ್ತು. ವರ್ಷಗಟ್ಟಲೆ ರಿಟರ್ನ್ಸ್ ಹಾಕದೆ ಅದನ್ನು ಪಟ್ಟಿಯಿಂದ ತೆಗೆದರು. ಆ ಹೆಸರಿಗೆ ಊರಲ್ಲಿ ಮರ್ಯಾದೆ ಇತ್ತು. ದೊಡ್ಡಪ್ಪ ತೀರಿದ ಮೇಲೆ ಅದೇ ಹೆಸರಿನಲ್ಲಿ ಹೊಸ ಕಂಪನಿ ಮಾಡಬೇಕು ಅಂತ ನನ್ನ ಆಸೆ. ಕಂಪನಿಯೇ ಇಲ್ಲ, ಹೆಸರು ಖಾಲಿ ಅಂದುಕೊಂಡೆ. ರಿಜೆಕ್ಟ್ ಬಂತು. ಹಾಗೆ ತೆಗೆದುಹಾಕಿದ ಕಂಪನಿಯ ಹೆಸರು ಗೆಜೆಟ್‌ನಲ್ಲಿ ಬಂದ ದಿನದಿಂದ 20 ವರ್ಷ ಯಾರಿಗೂ ಸಿಗುವುದಿಲ್ಲವಂತೆ. ನನ್ನ ಎರಡನೇ ಹೆಸರು ಕೂಡ ಅದರ ಇಂಗ್ಲಿಷ್ ಅನುವಾದ. ಪೂರ್ತಿ ಅನುವಾದವೂ ಅದೇ ಹೆಸರು ಅಂತ ಲೆಕ್ಕ ಹಾಕಿದರು. ಹುಡುಕುವಾಗ ನಡೆಯುತ್ತಿರುವ ಕಂಪನಿ ಮಾತ್ರ ನೋಡಬೇಡಿ. ಮುಚ್ಚಿದ್ದೂ ನೋಡಿ.

ಪೆರ್ಲದವ: ಮನೆಯ ಹೆಸರು ಅಲ್ವಾ, ಬೇಜಾರಾಗುತ್ತದೆ. ಆದರೆ ಇಂಗ್ಲಿಷ್ ಹೆಸರನ್ನು ಬದಲಿ ಅಂತ ಇಡುವವರು ಜಾಸ್ತಿ. ನಮ್ಮ ಕಡೆಯ ಪದ, ಮನೆ ಹೆಸರು ಯಾಕೆ ಇಡಬಾರದು? ಗ್ರೀನ್, ಇಕೋ, ನೇಚರ್ ಅಂತ ಇಟ್ಟರೆ ಮೊದಲೇ ನೂರು ಜನ ಇಟ್ಟಿರುತ್ತಾರೆ.

ಕಾಸರಗೋಡು ಪೇಟೆಯ ಹಿರಿಯರು: ಅಬ್ಬಿಮೂಲೆ ಅಂದರೆ ಕೊಚ್ಚಿಯ ಗಿರಾಕಿಗೆ ನಾಲಗೆ ಹೊರಳುತ್ತದಾ? ವ್ಯಾಪಾರ ಮಾಡುವವನು ಕೊಳ್ಳುವವನ ಬಾಯಿ ನೋಡಬೇಕು.

ಪೆರ್ಲದವ: ಹೊರಳುತ್ತದೆ, ಆರ್ಡರೂ ಬರುತ್ತಿದೆ. ನಮ್ಮ ನೆಲದ ಹೆಸರಿಗೆ ನಾವೇ ನಾಚಿದರೆ ಯಾರು ಹೇಳಬೇಕು?

ಬದಿಯಡ್ಕದಿಂದ: ಎಲ್ಲರಿಗೂ ಉಪಕಾರ ಆಯಿತು. ನಾವು ಬರೆದಿದ್ದ ನಾಲ್ಕರಲ್ಲಿ ಮೂರಕ್ಕೆ ಒಂದೇ ಬೇರು ಪದ. ಇವತ್ತೇ ಎರಡು ತೆಗೆದುಹಾಕಿದೆವು. ತಮ್ಮ ಶಾರ್ಜಾದಲ್ಲಿದ್ದಾನೆ, ಅವನ ಸಹಿಯ ಕೆಲಸ ಮೊದಲು. ಒಂದು ಸಂಶಯ ಉಳಿಯಿತು. ನಮಗೆ ತುಂಬ ಇಷ್ಟದ ಹೆಸರಿಗೆ ಕ್ಲಾಸ್ 21ರಲ್ಲಿ ಒಬ್ಬರ ಅರ್ಜಿ ಇದೆ. ಅವರಿಂದ ಒಪ್ಪಿಗೆ ಪತ್ರ ತಂದವರು ಇದ್ದೀರಾ?

ಕುಂಬಳೆಯಿಂದ: ನಾನು ಬೇರೆ ಒಂದು ಹೆಸರಿಗೆ ಕೇಳಿ ನೋಡಿದ್ದೆ. ಅವರು 40,000 ಅಂದರು. ಬಿಟ್ಟುಬಿಟ್ಟೆ.

ಉಪ್ಪಳದಿಂದ: ನನ್ನ ಅಣ್ಣನಿಗೆ ಒಬ್ಬರು ಸುಮ್ನೆ ಬರೆದುಕೊಟ್ಟರು. ಕೇಳಿ ನೋಡಿ. ಆದರೆ ಉತ್ತರ ಬರುವವರೆಗೆ ಪಾರ್ಟ್ ಎ ಹಾಕಬೇಡಿ.